ಕೂಗಿಗಿಂತ ಮೊದಲು ಉಸಿರು ನೋಡಿ
ಟ್ರಯಾಜ್ ಅಭ್ಯಾಸದ ಕಾರ್ಡು ಕೈಗೆ ಬಂದಾಗ ಗಾಯದ ವಿವರವನ್ನು ಬೆರಳಿಂದ ಮುಚ್ಚಿ, ಮೊದಲು ಉಸಿರಾಟದ ಅಂಕಿ ಓದಿ. ಬಸ್ ಅಪಘಾತದ ಎರಡು ಕಾರ್ಡು ತೆಗೆದುಕೊಳ್ಳೋಣ. ತೊಡೆಮೂಳೆ ಮುರಿದು ಕಿರುಚುತ್ತಿರುವ ಯುವಕ: ನಡೆಯಲಾರ, ಉಸಿರು ನಿಮಿಷಕ್ಕೆ 24, ಮಣಿಕಟ್ಟಿನ ನಾಡಿ ಸಿಗುತ್ತದೆ, ಹೇಳಿದಂತೆ ಕೈ ಹಿಸುಕುತ್ತಾನೆ. ಪಕ್ಕದಲ್ಲಿ ಸುಮ್ಮನೆ ಒರಗಿರುವ ಮಹಿಳೆ: ಎದ್ದು ನಡೆಯಲಾರಳು, ರಕ್ತ ಕಾಣುವುದಿಲ್ಲ, ಉಸಿರು 36. ಸ್ಟಾರ್ಟ್ ವಿಧಾನದಲ್ಲಿ ಉಸಿರು 30 ದಾಟಿದರೆ ಅಲ್ಲಿಗೇ ಕೆಂಪು. ನಾಡಿ ಹುಡುಕುತ್ತ ನಿಲ್ಲಬೇಡಿ. ಯುವಕನಿಗೆ ಹಳದಿ. ಇದು ತಿರುಗುಮುರುಗಾಗುವುದು ಸುಲಭ, ಕೂಗು ಮೊದಲು ಕಿವಿಗೆ ಬೀಳುತ್ತದಲ್ಲ!

ಹಾಗೆಂದು ಹಳದಿ ಕಾರ್ಡನ್ನು ಪಕ್ಕಕ್ಕಿಟ್ಟು ಮರೆಯಬೇಡಿ. ಮುರಿದ ತೊಡೆಯೊಳಗೆ ಒಂದು ಲೀಟರಿನಷ್ಟು ರಕ್ತ ಸೋರಬಹುದು. ಸ್ವಲ್ಪ ಹೊತ್ತಿನ ಬಳಿಕ ಜೊತೆಗಾರರಿಂದ ಹೊಸ ಅಂಕಿ ಕೇಳಿ. ಮಣಿಕಟ್ಟಿನ ನಾಡಿ ಸಿಗದಿದ್ದರೆ ಅವನನ್ನೂ ಕೆಂಪಿಗೆ ಸೇರಿಸಿ.