ಕೊರತೆಯ ಮುಂದೆ ಕೆಲಸ ಬರೆಯಿರಿ: ಜಕ್ಕಲಿಯ ಸಣ್ಣ ಪ್ರೆಸ್ಸಿನ ಪಾಠಗಳು

ಬಲ, ಕೊರತೆ, ಅವಕಾಶ, ಅಪಾಯ ಎಂದು ನಾಲ್ಕು ಮನೆ ಹಾಕಿ ತುಂಬಿಸುವ ಸ್ವಾಟ್ ಪಟ್ಟಿ ಸುಲಭ. ಗದಗ-ಬೆಟಗೇರಿಯ ದೊಡ್ಡ ಪ್ರೆಸ್‌ಗಳು ಹತ್ತಿರವೇ ಇರುವಾಗ ಜಕ್ಕಲಿಯಲ್ಲಿ ಅಂಗಡಿ ನಡೆಸುವವನಿಗೆ ಅಪಾಯಗಳ ಮನೆ ಬೇಗ ತುಂಬುತ್ತದೆ. ನಾವು ಪ್ರತಿ ಕೊರತೆ, ಪ್ರತಿ ಅಪಾಯದ ಮುಂದೆ ಮಾಡಬೇಕಾದ ಕೆಲಸ, ಮಾಡುವವರು, ಗಡುವು ಬರೆಯುತ್ತೇವೆ.

1. ಕೊರತೆಯನ್ನು ಬಿಡಿಸಿ ಬರೆಯಿರಿ. ‘ಬಂಡವಾಳ ಸಾಲದು’ ಎಂದರೆ ಮಾಡಲು ಏನೂ ಹೊಳೆಯದು. ‘ಉದ್ರಿ ಕೊಟ್ಟು ಕಾಗದಕ್ಕೆ ದುಡ್ಡಿಲ್ಲ’ ಎಂದರೆ ದಾರಿ ಕಾಣುತ್ತದೆ. 4,000 ರೂಪಾಯಿಯ ಪಾವತಿ ಪುಸ್ತಕದ ಕೆಲಸ ಬಂತು, ಕಾಗದ ಮತ್ತು ಪ್ಲೇಟಿಗೆ 2,200 ಬೇಕು ಎಂದುಕೊಳ್ಳಿ. ಮುಂಗಡ ಅಷ್ಟಾದರೂ ಕೈಸೇರಿದ ಮೇಲೆಯೇ ಪ್ಲೇಟ್ ಮಾಡಿಸುವುದು. ಆಮೇಲೆ ಬಾಕಿ ತಡವಾದರೂ ಸಿಗುವುದು ನಮ್ಮ ಕೂಲಿ ಮತ್ತು ಲಾಭ. ಕಾಗದದ ಅಂಗಡಿಯ ಸಾಲ ಬೆಳೆಯದು.

2. ಕರಡಿಗೆ ಸಹಿ ಬೇಕು. ಲಗ್ನಪತ್ರಿಕೆಯ ಕರಡನ್ನು ವಾಟ್ಸಾಪಿನಲ್ಲಿ ಕಳಿಸಿದರೆ ‘ಬರೋಬ್ಬರಿ ಐತ್ರಿ’ ಎಂದು ಉತ್ತರ ಬರುತ್ತದೆ. ಪತ್ರಿಕೆ ಹಂಚುವಾಗ ಸೋದರಮಾವನ ಹೆಸರು ಬಿಟ್ಟದ್ದು ತಿಳಿಯುತ್ತದೆ. ಆದ್ದರಿಂದ ಕಾಗದದ ಮೇಲೆಯೇ ಕರಡು ತೆಗೆದುಕೊಡುತ್ತೇವೆ. ವಾರ, ದಿನಾಂಕ, ತಿಥಿಯನ್ನು ಪಂಚಾಂಗಕ್ಕೆ ತಾಳೆ ನೋಡುವುದು ಡಿಟಿಪಿ ಹುಡುಗನ ಕೆಲಸ, ಹಿರಿಯರ ಹೆಸರಿಗೆ ಸಹಿ ಹಾಕುವುದು ಮನೆಯವರದು. ಮರುಮುದ್ರಣದ ಖರ್ಚನ್ನು ಬೇರೆಯೇ ಬರೆದಿಟ್ಟರೆ ಈ ಕ್ರಮ ಫಲ ಕೊಟ್ಟಿತೋ ಇಲ್ಲವೋ ತಿಳಿಯುತ್ತದೆ.

3. ಅಪಾಯಕ್ಕೂ ತಾರೀಖು ಇರುತ್ತದೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಅಧಿಕ ಮಾಸದಲ್ಲಿ ಲಗ್ನ ಇಟ್ಟುಕೊಳ್ಳುವವರಿಲ್ಲ. ಮುಂದೆ ಆಷಾಢವೂ ಬರುತ್ತದೆ. ಇದಕ್ಕೆ ಎರಡು ಕೆಲಸ: ಖಾಲಿ ಕಾರ್ಡುಗಳ ಖರೀದಿ ಇಳಿಸುವುದು, ಶಾಲೆ ತೆರೆಯುವ ಮೊದಲೇ ಹಾಜರಿ ಪುಸ್ತಕ, ಶುಲ್ಕ ರಸೀದಿಗಳ ಆರ್ಡರ್ ಕೇಳಿಕೊಂಡು ಬರುವುದು. ಏಪ್ರಿಲ್ ಮುಗಿಯುವುದರೊಳಗೆ ಹೋಗದಿದ್ದರೆ ಆ ಕೆಲಸ ಗದಗಕ್ಕೆ ಹೋಗಿರುತ್ತದೆ.

4. ಕಾನೂನಿನ ಅಪಾಯವನ್ನು ಆರ್ಡರ್ ಪುಸ್ತಕಕ್ಕೇ ಕಟ್ಟಿ. ವಿಧಾನಸಭೆ, ಲೋಕಸಭೆ ಚುನಾವಣೆಯ ಕರಪತ್ರಕ್ಕೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಅನ್ವಯಿಸುತ್ತದೆ. ಮುದ್ರಕರ, ಪ್ರಕಾಶಕರ ಹೆಸರು ಮತ್ತು ವಿಳಾಸ ಕರಪತ್ರದ ಮೇಲಿರಬೇಕು. ಪ್ರಕಾಶಕರು ಸಹಿ ಮಾಡಿ, ಅವರನ್ನು ಬಲ್ಲ ಇಬ್ಬರು ದೃಢೀಕರಿಸಿದ ಘೋಷಣೆ ಎರಡು ಪ್ರತಿಯಲ್ಲಿ ಬೇಕು. ಅಚ್ಚಾದ ಮೇಲೆ ಅದರ ಒಂದು ಪ್ರತಿಯನ್ನು ಕರಪತ್ರದೊಂದಿಗೆ ಜಿಲ್ಲಾಧಿಕಾರಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಸೆರೆ, 2,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಖಾಲಿ ಘೋಷಣಾ ಪತ್ರಗಳನ್ನು ಆರ್ಡರ್ ಪುಸ್ತಕದಲ್ಲೇ ಇಟ್ಟಿದ್ದೇವೆ. ಅದು ತುಂಬದೆ ಯಾವ ಪಕ್ಷದ ಕೆಲಸವೂ ಯಂತ್ರಕ್ಕೆ ಏರದು.

5. ಕೆಲಸ ಹೊಳೆಯದ ಸಾಲನ್ನು ಹೊಡೆದುಹಾಕಿ. ‘ಗದಗದ ದರ ಕಡಿಮೆ’ ಎಂಬುದನ್ನು ನಾವು ಬದಲಿಸಲಾರೆವು. ನಾಲ್ಕು ಬಣ್ಣದ ದೊಡ್ಡ ಕೆಲಸವನ್ನು ಅಲ್ಲಿಯೇ ಮಾಡಿಸಿ ಕಮಿಷನ್ ಇಟ್ಟುಕೊಳ್ಳಬಹುದು ಎಂದಾಗ ಆ ಸಾಲು ಅಪಾಯದ ಮನೆ ಬಿಟ್ಟು ಅವಕಾಶದ ಮನೆಗೆ ಹೋಗುತ್ತದೆ.