ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಮೇಲೆ: ತಪ್ಪುಗಳ ಪುಸ್ತಕ ಬರೆಯುವ ಕ್ರಮ



ವಿದ್ಯಾರ್ಥಿವೇತನದ ಅರ್ಜಿಯೊಂದಿಗೆ ಎಸ್‌ಎಸ್‌ಎಲ್‌ಸಿ ಮಕ್ಕಳು ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನೂ ತಂದು ತೋರಿಸುತ್ತಾರೆ. ಬಳ್ಳಾರಿ ನಗರದವರಿರಲಿ, ಸಿರುಗುಪ್ಪ ಅಥವಾ ಕುರುಗೋಡಿನವರಿರಲಿ, ಹೆಚ್ಚಿನವರ ಪತ್ರಿಕೆಯಲ್ಲಿ ಒಂದು ವಿಷಯ ಸಮಾನವಾಗಿರುತ್ತದೆ. ಮೇಲ್ಗಡೆ ಕೆಂಪು ಶಾಯಿಯಲ್ಲಿ ಅಂಕ ಇರುತ್ತದೆ. ಒಳಗಿನ ಪುಟಗಳನ್ನು ಆಮೇಲೆ ಯಾರೂ ತಿರುವಿ ನೋಡಿದ ಗುರುತು ಇರುವುದಿಲ್ಲ. ಮೂರು ತಾಸು ಕೂತು ಬರೆದ ಪತ್ರಿಕೆಯಿಂದ ಮಗು ಪಡೆದದ್ದು ಒಂದು ಸಂಖ್ಯೆ ಮಾತ್ರ. ಮುಂದೆ ಏನು ಓದಬೇಕು ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಅದನ್ನು ಹೇಳುವುದು ಕಳೆದುಹೋದ ಅಂಕಗಳು. ಅವುಗಳನ್ನು ಬರೆದಿಡುವ ಕ್ರಮವನ್ನು ಈ ವರ್ಷದ ವರದಿಯಲ್ಲಿ ಗಣಿತ ವಿಷಯವನ್ನು ಇಟ್ಟುಕೊಂಡು ವಿವರಿಸುತ್ತಿದ್ದೇವೆ.

ಪುಸ್ತಕ ಹೇಗಿರಬೇಕು

ನೂರು ಪುಟದ ಸಾಮಾನ್ಯ ನೋಟ್‌ಬುಕ್ ಸಾಕು. ಪುಟಕ್ಕೆ ಐದು ಕಾಲಂ ಗೆರೆ ಹಾಕಿ: ಪತ್ರಿಕೆ ಮತ್ತು ಪ್ರಶ್ನೆಯ ಸಂಖ್ಯೆ, ಅಧ್ಯಾಯ, ಕಳೆದ ಅಂಕ, ಕಾರಣ, ಮತ್ತೆ ಮಾಡಿದ ದಿನಾಂಕ. ಪೂರ್ತಿ ಪ್ರಶ್ನೆಯನ್ನಾಗಲಿ ಸರಿಯುತ್ತರವನ್ನಾಗಲಿ ಇದರಲ್ಲಿ ನಕಲು ಮಾಡಬೇಡಿ. ನಕಲು ಮಾಡತೊಡಗಿದರೆ ಅದು ಇನ್ನೊಂದು ನೋಟ್ಸ್ ಆಗುತ್ತದೆ, ನಾಲ್ಕನೆಯ ದಿನಕ್ಕೆ ನಿಂತುಹೋಗುತ್ತದೆ. ಒಂದು ತಪ್ಪಿಗೆ ಒಂದು ಸಾಲು ಸಾಕು. ಉರ್ದು ಮಾಧ್ಯಮದ ಮಕ್ಕಳು ಉರ್ದುವಿನಲ್ಲೇ ಬರೆಯಲಿ. ಇದು ಅವರು ತಮಗಾಗಿ ಬರೆದುಕೊಳ್ಳುವ ಪುಸ್ತಕ.

ಐದು ಕಾಲಂಗಳಲ್ಲಿ ಮುಖ್ಯವಾದದ್ದು 'ಕಾರಣ'. ಅದಕ್ಕೆ ನಾಲ್ಕೇ ಹೆಸರು ಇಟ್ಟುಕೊಂಡರೆ ಗೊಂದಲವಾಗುವುದಿಲ್ಲ. ಮೊದಲನೆಯದು 'ಗೊತ್ತಿಲ್ಲ', ಅಂದರೆ ಆ ಪಾಠವೇ ಬರುವುದಿಲ್ಲ. ಎರಡನೆಯದು 'ಅರೆಗೊತ್ತು', ಅಂದರೆ ಶುರು ಮಾಡಿದ್ದು ಸರಿ, ನಡುವೆ ದಾರಿ ತಪ್ಪಿತು. ಮೂರನೆಯದು 'ಕೈತಪ್ಪು', ಅಂದರೆ ವಿಧಾನ ಗೊತ್ತು, ಆದರೆ ಚಿಹ್ನೆ ತಪ್ಪಿತು ಅಥವಾ ಪ್ರಶ್ನೆಯನ್ನು ತಪ್ಪಾಗಿ ಓದಿದ್ದಾಯಿತು. ನಾಲ್ಕನೆಯದು 'ಸಮಯ', ಅಂದರೆ ಬರುತ್ತಿತ್ತು, ಗಂಟೆ ಹೊಡೆಯಿತು.

ಇವುಗಳನ್ನು ಬೇರೆ ಬೇರೆ ಮಾಡುವ ಪರೀಕ್ಷೆ ಸರಳ. ಉತ್ತರ ನೋಡದೆ, ಮನೆಯಲ್ಲಿ ಅದೇ ಲೆಕ್ಕವನ್ನು ಇನ್ನೊಮ್ಮೆ ಮಾಡಿ. ತಾನಾಗಿಯೇ ಸರಿ ಬಂದರೆ ಅದು ಕೈತಪ್ಪು ಅಥವಾ ಸಮಯದ್ದು. ಪಠ್ಯಪುಸ್ತಕದ ಒಂದು ಸಾಲು ಅಥವಾ ಒಂದು ಸೂತ್ರ ನೋಡಿದ ಮೇಲೆ ಸರಿ ಬಂದರೆ ಅರೆಗೊತ್ತು. ಪೂರ್ತಿ ಉದಾಹರಣೆಯನ್ನು ಓದಿದರೂ ಮುಂದೆ ಸಾಗದಿದ್ದರೆ ಗೊತ್ತಿಲ್ಲ. ಪರೀಕ್ಷೆಯಲ್ಲಿ ಊಹೆಯಿಂದ ಸರಿಯಾದ ಬಹುಆಯ್ಕೆ ಪ್ರಶ್ನೆಗಳನ್ನೂ, ಅಂಕ ಕಳೆಯದಿದ್ದರೂ, ಸೊನ್ನೆ ಅಂಕ ಎಂದು ಬರೆದು ಈ ಪುಸ್ತಕಕ್ಕೆ ಸೇರಿಸಬೇಕು. ಮುಂದಿನ ಸಲ ಊಹೆ ಕೈಕೊಡಬಹುದು.

ಒಂದು ಪತ್ರಿಕೆಯ ಲೆಕ್ಕ

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಎಸ್‌ಎಸ್‌ಎಲ್‌ಸಿ ಗಣಿತದ ಲಿಖಿತ ಪರೀಕ್ಷೆ 80 ಅಂಕಕ್ಕೆ. ಉಳಿದ 20 ಆಂತರಿಕ ಮೌಲ್ಯಮಾಪನಕ್ಕೆ. ಮೊದಲ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಒಬ್ಬ ಹುಡುಗಿಗೆ 47 ಬಂದಿದೆ, 33 ಹೋಗಿದೆ. ಅವಳ ಪುಸ್ತಕದ ಕೆಲವು ಸಾಲುಗಳನ್ನು ನೋಡೋಣ.

ವರ್ಗಸಮೀಕರಣ 2x² − 5x + 3 = 0 ಎಂಬುದನ್ನು ಸೂತ್ರದಿಂದ ಬಿಡಿಸಬೇಕಿತ್ತು. ಇಲ್ಲಿ b = −5, ಆದ್ದರಿಂದ −b ಅಂದರೆ +5. ಅವಳು −5 ಎಂದೇ ಬರೆದಳು. x = 1 ಮತ್ತು 3/2 ಬರಬೇಕಾದಲ್ಲಿ −1 ಮತ್ತು −3/2 ಬಂತು. ನಿರ್ದೇಶಾಂಕ ರೇಖಾಗಣಿತದಲ್ಲಿ (−3, 4) ಮತ್ತು (2, −8) ಬಿಂದುಗಳ ನಡುವಿನ ದೂರ ಕೇಳಿತ್ತು. 2 − (−3) ಅಂದರೆ 5. ಅವಳು 2 − 3 ಎಂದು ತೆಗೆದುಕೊಂಡಳು. ಉತ್ತರ 13 ಆಗುವ ಬದಲು √145 ಆಯಿತು. ಸಮಾಂತರ ಶ್ರೇಢಿಯಲ್ಲಿ 5, 8, 11, … ಇದರ ಮೊದಲ 20 ಪದಗಳ ಮೊತ್ತ ಕೇಳಿದ್ದರು. ಅವಳು 20ನೆಯ ಪದ 62 ಎಂದು ಸರಿಯಾಗಿಯೇ ಕಂಡುಹಿಡಿದಳು, ಆದರೆ ಕೇಳಿದ್ದು ಮೊತ್ತ, ಅದು 670.

ಅಧ್ಯಾಯದ ಲೆಕ್ಕದಲ್ಲಿ ನೋಡಿದರೆ ಇವು ಮೂರು ಬೇರೆ ಪಾಠಗಳ ತಪ್ಪುಗಳು. ಹಾಗೆ ನೋಡಿದ ಮಗು ಮೂರೂ ಪಾಠಗಳನ್ನು ಮೊದಲಿನಿಂದ ಓದಲು ಕೂರುತ್ತದೆ, ಅದಕ್ಕೆ ಒಂದು ವಾರ ಹೋಗುತ್ತದೆ. ಕಾರಣದ ಲೆಕ್ಕದಲ್ಲಿ ನೋಡಿದರೆ ಮೊದಲ ಎರಡೂ ಒಂದೇ ತಪ್ಪು: ಋಣಚಿಹ್ನೆ ಇರುವ ಸಂಖ್ಯೆಯನ್ನು ಸೂತ್ರಕ್ಕೆ ಹಾಕುವಾಗ ಆವರಣ ಹಾಕದಿರುವುದು. ಅವಳಿಗೆ ಪಾಠ ಬರುತ್ತದೆ, ಆವರಣದ ಅಭ್ಯಾಸ ಇಲ್ಲ. ಮೂರನೆಯದು ಕೇಳಿದ್ದೇನು ಎಂದು ಓದದ ತಪ್ಪು.

33 ಅಂಕಗಳನ್ನೂ ಹೀಗೆ ಹಂಚಿದಾಗ ಬಂದದ್ದು ಇಷ್ಟು. ಗೊತ್ತಿಲ್ಲದ್ದು 12: ಘನಫಲ 5, ತ್ರಿಕೋನಮಿತಿಯ ಅನ್ವಯ 4, ವೃತ್ತಗಳು 3. ಅರೆಗೊತ್ತು 8: ತ್ರಿಭುಜದ ಪ್ರಮೇಯ 3, ತ್ರಿಕೋನಮಿತಿಯ ನಿತ್ಯಸಮೀಕರಣ 3, ಮಧ್ಯಾಂಕ 2. ಕೈತಪ್ಪು 9: ಅದರಲ್ಲಿ 6 ಚಿಹ್ನೆಯದು, 3 ತಪ್ಪಾಗಿ ಓದಿದ್ದು. ಸಮಯ ಸಾಲದೆ ಬಿಟ್ಟದ್ದು 4: ರೇಖಾತ್ಮಕ ಸಮೀಕರಣಗಳ ನಕ್ಷೆ.

ಮುಂದೆ ಯಾವುದನ್ನು ಓದಬೇಕು

ಹೆಚ್ಚು ಅಂಕ ಹೋದದ್ದನ್ನೇ ಮೊದಲು ಹಿಡಿಯಬೇಕು ಎಂದು ಅನ್ನಿಸುವುದು ಸಹಜ. ಆದರೆ ಸಿರುಗುಪ್ಪದಲ್ಲಿ ಭತ್ತದ ಕೆಲಸದ ದಿನಗಳಲ್ಲಿ ಹೊಲಕ್ಕೆ ಹೋಗುವ ಮಗುವಿಗೂ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆಯ ಮನೆಗೆಲಸಕ್ಕೆ ಕೈಜೋಡಿಸುವ ಮಗುವಿಗೂ ದಿನಕ್ಕೆ ಸಿಗುವುದು ಒಂದೂವರೆ ತಾಸು. ಆದ್ದರಿಂದ ಕೇಳಬೇಕಾದ ಪ್ರಶ್ನೆ: ಒಂದು ತಾಸಿನ ಓದಿಗೆ ಎಲ್ಲಿ ಹೆಚ್ಚು ಅಂಕ ವಾಪಸು ಬರುತ್ತದೆ?

ಆ ಲೆಕ್ಕದಲ್ಲಿ ಚಿಹ್ನೆಯ 6 ಅಂಕ ಮೊದಲು. ಇದಕ್ಕೆ ಪಾಠ ಓದುವುದು ಬೇಕಿಲ್ಲ. ಒಂದು ವಾರ, ದಿನಕ್ಕೆ 15 ನಿಮಿಷ, ಋಣಸಂಖ್ಯೆ ಇರುವ ಐದೈದು ಲೆಕ್ಕ. ಬೆಲೆ ಹಾಕುವಾಗ ಪ್ರತಿ ಸಂಖ್ಯೆಗೂ ಆವರಣ. −(−5), 2 − (−3) ಎಂದು ಆ ಹಂತವನ್ನು ಬಿಡದೆ ಬರೆಯಬೇಕು.

ಎರಡನೆಯದು ಅರೆಗೊತ್ತಿನ 8. ಇಲ್ಲಿ ಪೂರ್ತಿ ಅಧ್ಯಾಯ ಬೇಡ, ದಾರಿ ತಪ್ಪಿದ ಹಂತ ಸಾಕು. ಮಧ್ಯಾಂಕದ ಸೂತ್ರದಲ್ಲಿ ಅವಳು ಮಧ್ಯಾಂಕ ಇರುವ ವರ್ಗಾಂತರದ ಸಂಚಿತ ಆವೃತ್ತಿಯನ್ನೇ ಹಾಕಿದ್ದಳು. ಹಾಕಬೇಕಾದದ್ದು ಅದರ ಹಿಂದಿನ ವರ್ಗಾಂತರದ್ದು. ಆ ಒಂದು ಮಾತು ತಿಳಿದ ಮೇಲೆ ಎರಡು ಲೆಕ್ಕ ಮಾಡಿದರೆ ಮುಗಿಯಿತು.

ಮೂರನೆಯದು ಗೊತ್ತಿಲ್ಲದ 12. ಅದರಲ್ಲೂ ಒಂದು ಸಲಕ್ಕೆ ಒಂದೇ ಪಾಠ, ಮೊದಲು ಕಡಿಮೆ ಹೊಸತು ಇರುವುದು. ತ್ರಿಕೋನಮಿತಿಯ ಅನ್ವಯಕ್ಕೆ 30°, 45°, 60° ಕೋನಗಳ ಬೆಲೆ ಮತ್ತು ಸರಿಯಾದ ಚಿತ್ರ ಬೇಕು. ಬೆಲೆಗಳು ಅವಳಿಗೆ ಗೊತ್ತೇ ಇವೆ. ಹಾಗಾಗಿ ಘನಫಲಕ್ಕಿಂತ ಅದು ಮುಂದೆ.

ಸಮಯದ 4 ಅಂಕಕ್ಕೆ ಓದುವುದೇ ಇಲ್ಲ. ಬರೆಯಲು ಇರುವ 180 ನಿಮಿಷವನ್ನು 80 ಅಂಕಕ್ಕೆ ಹಂಚಿದರೆ ಅಂಕಕ್ಕೆ ಎರಡೂಕಾಲು ನಿಮಿಷ. ಅಂದರೆ 3 ಅಂಕದ ಪ್ರಶ್ನೆಗೆ ಸುಮಾರು 7 ನಿಮಿಷ. ಬಾರದ ನಿತ್ಯಸಮೀಕರಣದ ಮೇಲೆ ಅವಳು 20 ನಿಮಿಷ ಕೂತಿದ್ದಳು, ಬರುತ್ತಿದ್ದ ನಕ್ಷೆ ಉಳಿದುಹೋಯಿತು. ಏಳು ನಿಮಿಷಕ್ಕೆ ಜಾಗ ಬಿಟ್ಟು ಮುಂದೆ ಹೋಗಬೇಕು, ಇದನ್ನು ಮುಂದಿನ ಪತ್ರಿಕೆಯಲ್ಲೇ ಅಭ್ಯಾಸ ಮಾಡಬೇಕು.

ಎರಡನೆಯ ಪತ್ರಿಕೆ ಹೇಳುವುದೇನು

ಅದೇ ಹುಡುಗಿಗೆ ಎರಡನೆಯ ಪರೀಕ್ಷೆಯಲ್ಲಿ 49 ಬಂತು ಎಂದಿಟ್ಟುಕೊಳ್ಳಿ. ಮನೆಯವರು ಮೂರು ವಾರ ಓದಿ ಎರಡೇ ಅಂಕವೇ ಎನ್ನುತ್ತಾರೆ. ಪುಸ್ತಕ ತೆರೆದರೆ ಬೇರೆ ಕಥೆ. ಹೋದ 31 ಅಂಕಗಳಲ್ಲಿ ಗೊತ್ತಿಲ್ಲದ್ದು 15, ಅರೆಗೊತ್ತು 7, ಕೈತಪ್ಪು 4, ಸಮಯ 5. ಚಿಹ್ನೆಯ ತಪ್ಪು 6ರಿಂದ 1ಕ್ಕೆ ಇಳಿದಿದೆ. ಗೊತ್ತಿಲ್ಲದ್ದು ಏರಿದ್ದು, ಈ ಪತ್ರಿಕೆಯಲ್ಲಿ ಅವಳು ಇನ್ನೂ ಮುಟ್ಟದ ಘನಫಲ ಮತ್ತು ವೃತ್ತಗಳ ಮೇಲೆ ಹೆಚ್ಚು ಅಂಕ ಬಿದ್ದದ್ದರಿಂದ. ತಪ್ಪಾಗಿ ಓದಿದ 3 ಅಂಕ ಹಾಗೇ ಇದೆ. ಈ ವಾರ ಪ್ರತಿ ಪ್ರಶ್ನೆಯಲ್ಲೂ ಕೇಳಿದ್ದರ ಕೆಳಗೆ ಗೆರೆ ಎಳೆಯುವ ಅಭ್ಯಾಸ ಬೇಕು. ಸಮಯದ ನಿಯಮವನ್ನು ಅವಳು ಪಾಲಿಸಿಲ್ಲ ಎಂಬುದೂ ಗೊತ್ತಾಯಿತು.

ಒಂದು ಸಾಲನ್ನು ಯಾವಾಗ ಹೊಡೆದುಹಾಕಬೇಕು? ಓದಿದ ದಿನವಲ್ಲ. ಒಂದು ವಾರದ ನಂತರ ಉತ್ತರ ನೋಡದೆ ಅದೇ ಲೆಕ್ಕ ಸರಿ ಬರಬೇಕು, ಆಮೇಲೆ ಅದೇ ಬಗೆಯ ಬೇರೊಂದು ಲೆಕ್ಕವೂ ಸರಿ ಬರಬೇಕು. ಎರಡೂ ದಿನಾಂಕ ಕೊನೆಯ ಕಾಲಂನಲ್ಲಿ ಬಿದ್ದ ಮೇಲೆ ಹೊಡೆಯಿರಿ.

ಎಲ್ಲಿ ಎಡವುತ್ತಾರೆ

ಪ್ರತಿ ಸಾಲಿನಲ್ಲೂ 'ಕೈತಪ್ಪು' ಎಂದೇ ಇದ್ದರೆ ಮಗು ಮನೆಯಲ್ಲಿ ಮತ್ತೆ ಮಾಡಿ ನೋಡಿಲ್ಲ ಎಂದು ತಿಳಿಯಿರಿ. 'ಗೊತ್ತಿತ್ತು, ಮರೆತೆ' ಎನ್ನುವುದು ಅರೆಗೊತ್ತೇ. ಕಳೆದ ಅಂಕದಲ್ಲಿ ಮೂರನೆಯ ಎರಡು ಭಾಗ 'ಗೊತ್ತಿಲ್ಲ' ಎಂದಾದರೆ ಇನ್ನೊಂದು ಪತ್ರಿಕೆ ಬರೆಯುವುದರಿಂದ ಹೊಸ ವಿಷಯ ತಿಳಿಯುವುದಿಲ್ಲ. ಎರಡು ವಾರ ಪತ್ರಿಕೆ ನಿಲ್ಲಿಸಿ ಶಿಕ್ಷಕರ ಬಳಿ ಪಾಠ ಕಲಿಯಬೇಕು. ಒಂದೇ ಪತ್ರಿಕೆ ನೋಡಿ ಯಾವ ಪಾಠವನ್ನೂ ಬಂತು ಎಂದು ಬಿಡಬೇಡಿ, ಅದರಲ್ಲಿ ಆ ಪಾಠದಿಂದ ಸುಲಭದ ಪ್ರಶ್ನೆ ಬಂದಿರಬಹುದು. ಶಾಲೆಯ ಪತ್ರಿಕೆ ಸಾಲದಿದ್ದರೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳು ಸಿಗುತ್ತವೆ.

ಅಮ್ಮಿ, ಅಬ್ಬಾ ಗಣಿತ ಓದಿರಬೇಕಿಲ್ಲ. ಪುಸ್ತಕ ಕೈಗೆ ತೆಗೆದುಕೊಂಡು ಎರಡು ಮಾತು ಕೇಳಿದರೆ ಸಾಕು: ಹೋದ ಸಲದ ಯಾವ ತಪ್ಪು ಈ ಸಲ ಬರಲಿಲ್ಲ? ಈ ವಾರ ಯಾವ ಸಾಲು ಹೊಡೆಯುತ್ತೀಯ?

ಮುಂದಿನ ಸಾಲಿನ ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಬರುವ ಹತ್ತನೆಯ ತರಗತಿಯ ಮಕ್ಕಳು ಅಂಕಪಟ್ಟಿಯ ಜೊತೆ ಈ ಪುಸ್ತಕವನ್ನೂ ತರಬಹುದು. ಅದರಲ್ಲಿ ತಪ್ಪುಗಳು ಹೆಚ್ಚಿವೆ ಎಂಬ ಕಾರಣಕ್ಕೆ ಯಾರ ಅರ್ಜಿಯನ್ನೂ ನಾವು ಹಿಂದೆ ಸರಿಸುವುದಿಲ್ಲ. ಯಾವ ವಿಷಯಕ್ಕೆ ಟ್ಯೂಷನ್ ಶುಲ್ಕದ ನೆರವು ಬೇಕು, ಯಾವುದಕ್ಕೆ ಬೇಡ ಎಂದು ಪೋಷಕರೊಂದಿಗೆ ಕೂತು ನಿರ್ಧರಿಸಲು ಅದೇ ನಮಗೆ ದಾರಿ ತೋರಿಸುತ್ತದೆ.