ಪದ್ಯಕ್ಕೊಂದು ಗುರುತು, ಗದ್ಯಕ್ಕೊಂದು ಗುರುತು

ಪದ್ಯವನ್ನು ಬಾಯಿಪಾಠ ಒಪ್ಪಿಸುವಾಗ ಸಾಲು ಎಲ್ಲಿ ಮುಗಿಯಿತೆಂಬುದು ನಮ್ಮ ಉಸಿರಿಗೇ ಗೊತ್ತಾಗುತ್ತದೆ. ಗದ್ಯದಲ್ಲಿ ಹಾಗಲ್ಲ. ಅಲ್ಲಿ ಸಾಲು ಮುಗಿಯುವುದು ಕಾಗದ ಮುಗಿದುದರಿಂದಲೇ ಹೊರತು ಅರ್ಥ ಮುಗಿದುದರಿಂದ ಅಲ್ಲ. ಆದ್ದರಿಂದ ಪದ್ಯದ ಸಾಲುಗಳನ್ನು ಕೂಡಿಸಿದರೆ ಪದ್ಯ ಕೆಡುತ್ತದೆ. ಗದ್ಯದ ಸಾಲುಗಳನ್ನು ಕೂಡಿಸಿದರೆ ಏನೂ ಕೆಡುವುದಿಲ್ಲ. ಈ ಭೇದವು ನಮಗೆ ಕಣ್ಣಿಗೆ ಬಿದ್ದೊಡನೆ ತಿಳಿಯುತ್ತದೆ. ಗಣಕಯಂತ್ರಕ್ಕೆ ಮಾತ್ರ ನಾವೇ ಹೇಳಬೇಕು. ಹೇಳುವ ಬಗೆಯನ್ನು ಇಲ್ಲಿ ನೋಡೋಣ.

ಯಾಮಲ್ ಎಂಬುದು ವಿವರಗಳನ್ನು ಕಡತದಲ್ಲಿ ಬರೆದಿಡುವ ಒಂದು ಕ್ರಮ. ಇದು 2001ರಲ್ಲಿ ಹುಟ್ಟಿತು. ಎಡಗಡೆ ಹೆಸರು, ನಂತರ ವಿವರಣ ಚಿಹ್ನೆ, ಬಲಗಡೆ ವಿಷಯ. ಇಷ್ಟೇ ಅದರ ಮೂಲರೂಪ. ವಿಷಯವು ಒಂದೇ ಸಾಲಿನದಾದರೆ ತೊಡಕಿಲ್ಲ. ಹಲವು ಸಾಲುಗಳಿದ್ದಾಗ ವಿವರಣ ಚಿಹ್ನೆಯ ಮುಂದೆ ಒಂದು ಗುರುತನ್ನು ಹಾಕಿ, ವಿಷಯವನ್ನು ಕೆಳಗಿನ ಸಾಲಿನಿಂದ ಸ್ವಲ್ಪ ಒಳಕ್ಕೆ ಸರಿಸಿ ಬರೆಯಬೇಕು. ಗುರುತುಗಳು ಎರಡು. ನೆಟ್ಟಗೆ ನಿಂತ ಗೀಟು `|` ಹಾಕಿದರೆ ಸಾಲುಗಳು ಇದ್ದಂತೆಯೇ ಉಳಿಯುತ್ತವೆ; ಇದನ್ನು ಲಿಟರಲ್ ಶೈಲಿ, ಅಂದರೆ ಯಥಾವತ್ ಶೈಲಿ ಎನ್ನುತ್ತಾರೆ. ಬಾಣದ ತುದಿಯಂತಹ `>` ಹಾಕಿದರೆ ಸಾಲುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಇದು ಫೋಲ್ಡೆಡ್ ಶೈಲಿ, ನಮ್ಮ ಮಾತಿನಲ್ಲಿ ಮಡಿಕೆ ಶೈಲಿ.

ಶಾಲೆಯ ಸಂಚಿಕೆಗಾಗಿ ಬಂದ ಬರಹಗಳನ್ನು `sanchike.yaml` ಎಂಬ ಕಡತದಲ್ಲಿ ಸೇರಿಸುತ್ತಿದ್ದೇವೆಂದು ಇಟ್ಟುಕೊಳ್ಳಿ. ಉದಾಹರಣೆಗಾಗಿ ನಾನೇ ಹೊಸೆದ ಎರಡು ಪುಟ್ಟ ದ್ವಿಪದಿಗಳು ಹೀಗಿವೆ:

```
padya: |
  ಮಳೆಯು ಬಂತು ಊರ ತುಂಬ
  ಕೆರೆಯು ತುಂಬಿ ಹರಿಯಿತು

  ಬದುವಿನಲ್ಲಿ ಕುಳಿತ ಕಪ್ಪೆ
  ಹೊಸದು ರಾಗ ಹಾಡಿತು
```

ಇದನ್ನು ಓದಿದ ಯಂತ್ರವು ನಾಲ್ಕು ಸಾಲುಗಳನ್ನೂ ನಡುವಿನ ಬರಿಸಾಲನ್ನೂ ಹಾಗೆಯೇ ಕೊಡುತ್ತದೆ. ಎಡಗಡೆ ನಾವು ಬಿಟ್ಟ ಎರಡು ಜಾಗಗಳು ಮಾತ್ರ ವಿಷಯಕ್ಕೆ ಸೇರುವುದಿಲ್ಲ. ಮೊದಲ ಸಾಲು ಎಲ್ಲಿ ಆರಂಭವಾಯಿತೋ ಅದೇ ಅಂಚು. ಈ ಅಂಚಿಗೆ ಸ್ಪೇಸ್ ಕೀಲಿಯನ್ನೇ ಒತ್ತಬೇಕು, ಟ್ಯಾಬ್ ಕೀಲಿಗೆ ಇಲ್ಲಿ ಪ್ರವೇಶವಿಲ್ಲ.

ಈಗ `|` ತೆಗೆದು `>` ಹಾಕಿ ನೋಡಿ. ಸಿಗುವುದು ಹೀಗೆ:

```
ಮಳೆಯು ಬಂತು ಊರ ತುಂಬ ಕೆರೆಯು ತುಂಬಿ ಹರಿಯಿತು
ಬದುವಿನಲ್ಲಿ ಕುಳಿತ ಕಪ್ಪೆ ಹೊಸದು ರಾಗ ಹಾಡಿತು
```

ಎರಡು ಸಂಗತಿಗಳು ನಡೆದಿವೆ. ಒಂದರ ಕೆಳಗೊಂದಿದ್ದ ಸಾಲುಗಳ ನಡುವಿನ ಮುರಿತವು ಒಂದು ತೆರಪಾಗಿ ಮಾರ್ಪಟ್ಟಿತು. ಬರಿಸಾಲು ಇದ್ದಲ್ಲಿ ಸಾಲು ಮುರಿಯಿತು, ಆದರೆ ಬರಿಸಾಲು ಉಳಿಯಲಿಲ್ಲ. ಮಡಿಕೆ ಶೈಲಿಯಲ್ಲಿ ಒಂದು ಬರಿಸಾಲಿನ ಬೆಲೆ ಒಂದು ಸಾಲುಮುರಿತ ಮಾತ್ರ. ಓದುವಾಗ ಬರಿಸಾಲು ಕಾಣಬೇಕಾದರೆ ಕಡತದಲ್ಲಿ ಎರಡು ಬಿಡಬೇಕು.

ಹಾಗೆಂದು ಮಡಿಕೆ ಶೈಲಿ ನಿಷ್ಪ್ರಯೋಜಕವೆಂದು ತಿಳಿಯಬಾರದು. ಪಾಲಕರಿಗೆ ಕಳಿಸುವ ಸೂಚನೆಯನ್ನು ನೋಡಿ:

```
soochane: >
  ವಾರ್ಷಿಕೋತ್ಸವಕ್ಕೆ ಎಲ್ಲ ಪಾಲಕರೂ
  ಮಕ್ಕಳೊಡನೆ ಬಂದು ಸಭೆಯಲ್ಲಿ
  ಭಾಗವಹಿಸಬೇಕಾಗಿ ವಿನಂತಿ.
```

ಬರೆಯುವವರ ಕಣ್ಣಿಗೆ ಇದು ಮೂರು ಚಿಕ್ಕ ಸಾಲು; ಯಂತ್ರಕ್ಕೆ ಒಂದೇ ಉದ್ದನೆಯ ವಾಕ್ಯ. ಮುಂದೆ ಅದು ಅಗಲವಾದ ಹಾಳೆಯಲ್ಲಾಗಲಿ, ಕಿರಿದಾದ ದೂರವಾಣಿಯ ಪರದೆಯಲ್ಲಾಗಲಿ ಆ ಜಾಗಕ್ಕೆ ತಕ್ಕಂತೆ ತಾನೇ ಮುರಿದುಕೊಳ್ಳುತ್ತದೆ. ಇದಕ್ಕೇ `|` ಹಾಕಿದ್ದರೆ ಅಗಲವಾದ ಹಾಳೆಯಲ್ಲೂ ಮೂರು ಮೋಟು ಸಾಲುಗಳೇ ನಿಲ್ಲುತ್ತಿದ್ದವು.

ಕನ್ನಡ ಬರೆಯುವವರು ಇಲ್ಲೊಂದು ಎಚ್ಚರ ವಹಿಸಬೇಕು. ಅಚ್ಚಿನ ಪುಸ್ತಕಗಳಲ್ಲಿ ಸಾಲಿನ ಕೊನೆಗೆ ಜಾಗ ಸಾಲದಿದ್ದರೆ ಪದವನ್ನೇ ಮುರಿದು, ‘ವಿದ್ಯಾರ್ಥಿ’ ಮೇಲೆ, ‘ಗಳು’ ಕೆಳಗೆ ಇಡುವ ರೂಢಿಯುಂಟು. ಮಡಿಕೆ ಶೈಲಿಯಲ್ಲಿ ಹಾಗೆ ಬರೆದರೆ ‘ವಿದ್ಯಾರ್ಥಿ ಗಳು’ ಎಂದಾಗುತ್ತದೆ. ಯಾಮಲ್‌ಗೆ ವ್ಯಾಕರಣ ಬಾರದು. ಅದು ಸಂಧಿಯನ್ನೂ ಮಾಡದು, ಸಮಾಸವನ್ನೂ ಮಾಡದು, ನಡುವೆ ಒಂದು ತೆರಪು ಇಡುತ್ತದೆ ಅಷ್ಟೆ. ಪದ ಪೂರ್ತಿಯಾದ ಮೇಲೆಯೇ ಸಾಲು ಬದಲಿಸಬೇಕು.

ಇನ್ನೊಂದು ಮೋಸ ಇದಕ್ಕಿಂತ ಸೂಕ್ಷ್ಮವಾದುದು. ಕೆಲವರು ಪದ್ಯದ ಎರಡನೆಯ, ನಾಲ್ಕನೆಯ ಸಾಲುಗಳನ್ನು ಅಂದಕ್ಕಾಗಿ ಒಳಕ್ಕೆ ತಳ್ಳಿ ಬರೆಯುತ್ತಾರೆ:

```
padya: >
  ಮಳೆಯು ಬಂತು ಊರ ತುಂಬ
    ಕೆರೆಯು ತುಂಬಿ ಹರಿಯಿತು
```

ಗುರುತು ಮಡಿಕೆಯದು; ಆದರೂ ಸಾಲುಗಳು ಕೂಡಿಕೊಳ್ಳುವುದಿಲ್ಲ! ಅಂಚಿಗಿಂತ ಒಳಗೆ ಸರಿದ ಸಾಲನ್ನು ಮಡಿಕೆ ಶೈಲಿಯು ಮುಟ್ಟುವುದಿಲ್ಲವೆಂಬುದೇ ಕಾರಣ. ಅದರ ಹಿಂದಿನ ಮತ್ತು ಮುಂದಿನ ಮುರಿತಗಳೆರಡೂ ಉಳಿಯುತ್ತವೆ. ಬರೆದವರು ಪರೀಕ್ಷಿಸಿ, ಸರಿಯಾಗಿದೆಯೆಂದು ತೃಪ್ತರಾಗುತ್ತಾರೆ. ಮತ್ತೊಬ್ಬರು ಬಂದು ಎಲ್ಲ ಸಾಲುಗಳನ್ನೂ ಒಂದೇ ಅಂಚಿಗೆ ತಂದ ದಿನ ಪದ್ಯವು ಗದ್ಯವಾಗಿಬಿಡುತ್ತದೆ. ಪದ್ಯಕ್ಕೆ, ವಿಳಾಸಕ್ಕೆ, ಒಂದೊಂದು ಸಾಲಿಗೆ ಒಂದೊಂದು ಆಜ್ಞೆಯಿರುವ ಗಣಕಯಂತ್ರದ ಕ್ರಮವಿಧಿಗೆ ಮೊದಲಿನಿಂದಲೇ `|` ಹಾಕುವುದು ಕ್ಷೇಮ ಎಂಬುದು ನನ್ನ ಅಭಿಪ್ರಾಯ.

ಕೊನೆಯ ಸಾಲಿನ ವಿಚಾರವೂ ಇದೆ. ಎರಡು ಶೈಲಿಗಳಲ್ಲೂ ವಿಷಯದ ತುದಿಯಲ್ಲಿ ಒಂದು ಸಾಲುಮುರಿತ ಉಳಿಯುತ್ತದೆ. ಅದು ಬೇಡವಾದರೆ ಗುರುತಿನ ಪಕ್ಕದಲ್ಲಿ ಕಳೆಯುವ ಚಿಹ್ನೆ ಸೇರಿಸಿ `|-` ಅಥವಾ `>-` ಎಂದು ಬರೆಯಬೇಕು. ಕೂಡುವ ಚಿಹ್ನೆಯನ್ನು ಸೇರಿಸಿದರೆ ಕೊನೆಯಲ್ಲಿ ಬಿಟ್ಟ ಬರಿಸಾಲುಗಳೆಲ್ಲ ಉಳಿಯುತ್ತವೆ. ಅದರ ಅಗತ್ಯ ಬೀಳುವುದು ಅಪರೂಪ.

ಆದದ್ದು ಏನೆಂದು ಖಚಿತವಾಗಿ ತಿಳಿಯಲು ಕಣ್ಣನ್ನು ನಂಬಬಾರದು. ಪೈಥಾನ್ ಮತ್ತು ಅದರ ಪೈಯಾಮಲ್ ಇರುವ ಯಂತ್ರದಲ್ಲಿ ಹೀಗೆ ಕೇಳಬಹುದು:

```
import yaml
f = open("sanchike.yaml", encoding="utf-8")
print(repr(yaml.safe_load(f)["padya"]))
```

ಉತ್ತರದಲ್ಲಿ ಸಾಲು ಮುರಿದಲ್ಲೆಲ್ಲ `\n` ಎಂದು ಕಾಣುತ್ತದೆ, ಎಣಿಸಿದರಾಯಿತು. ಮೇಲಿನ ಎರಡು ದ್ವಿಪದಿಗಳಿಗೆ `|` ಇದ್ದಾಗ ಐದು ಸಿಗುತ್ತವೆ: ಸಾಲಿಗೊಂದರಂತೆ ನಾಲ್ಕು, ಬರಿಸಾಲಿನದು ಒಂದು. `>` ಇದ್ದಾಗ ಎರಡೇ.

ಹಳೆಯ ಕಾವ್ಯಗಳನ್ನು ಓದಿದ ಮಕ್ಕಳಿಗೆ ಈ ನೆಟ್ಟ ಗೀಟು ಪದ್ಯದ ಸಾಲಿನ ಕೊನೆಗೆ ಬರುವ ದಂಡದಂತೆಯೇ ಕಂಡೀತು. ನೆನಪಿಡುವುದಕ್ಕೆ ಹೋಲಿಕೆ ಚೆನ್ನಾಗಿದೆ, ಆದರೆ ಬೆರಳಚ್ಚು ಮಾಡುವಾಗ ಎರಡೂ ಬೇರೆ ಬೇರೆ ಅಕ್ಷರಗಳು. ಕನ್ನಡ ಕೀಲಿಮಣೆಯಿಂದ ‘।’ ಎಂಬ ದಂಡವನ್ನು ಒತ್ತಿದರೆ ಯಾಮಲ್ ಅದನ್ನು ಗುರುತೆಂದು ತಿಳಿಯದೆ ವಿಷಯದ ಮೊದಲ ಅಕ್ಷರವೆಂದೇ ತಿಳಿಯುತ್ತದೆ. ಗುರುತೇ ಇಲ್ಲದ ಬರಹದ ಸಾಲುಗಳನ್ನು ಅದು ಮಡಿಕೆಯಂತೆಯೇ ಕೂಡಿಸುವುದರಿಂದ ‘। ಮಳೆಯು ಬಂತು ಊರ ತುಂಬ ಕೆರೆಯು ತುಂಬಿ ಹರಿಯಿತು’ ಎಂದು ಬರುತ್ತದೆ. ತಪ್ಪಿನ ಸೂಚನೆಯೂ ಇರುವುದಿಲ್ಲ. ಪದ್ಯದ ಮುಂದೆ ಒಂಟಿ ದಂಡವೊಂದು ನಿಂತಿರುವುದು ಕಂಡರೆ, ಇಂಗ್ಲಿಷ್ ಕೀಲಿಮಣೆಗೆ ತಿರುಗಿ ಆ ಗೀಟನ್ನು ಮತ್ತೊಮ್ಮೆ ಒತ್ತಿರಿ.